ಫಲಕಗಳನ್ನು ಎಳೆದವರು ನಾವು, ಶಕ್ತಿ ಹೋದದ್ದು ಎಲ್ಲಿಗೆ?

ಪ್ರಶ್ನೆ: ಸರ್, ದ್ವಿತೀಯ ಪಿಯುಸಿ ಭೌತಶಾಸ್ತ್ರದ ಅಭ್ಯಾಸ ಪತ್ರಿಕೆಯಲ್ಲಿ ಸಮಾಂತರ ಫಲಕಗಳ ಕೆಪಾಸಿಟರ್ ಬಗ್ಗೆ ಎರಡು ಪ್ರಶ್ನೆಗಳಿವೆ. ಎರಡರಲ್ಲೂ ಫಲಕಗಳ ನಡುವಿನ ಅಂತರವನ್ನು ಎರಡು ಪಟ್ಟು ಮಾಡುತ್ತಾರೆ. ಒಂದಕ್ಕೆ ‘ಶಕ್ತಿ ಎರಡು ಪಟ್ಟಾಗುತ್ತದೆ’ ಎಂಬ ಉತ್ತರ, ಬ್ಯಾಟರಿ ಜೋಡಿಸಿಯೇ ಇರುವ ಇನ್ನೊಂದಕ್ಕೆ ‘ಅರ್ಧವಾಗುತ್ತದೆ’ ಎಂಬ ಉತ್ತರ. ಸೂತ್ರ ಹಾಕಿದರೆ ಎರಡೂ ಬರುತ್ತವೆ. ಆದರೆ ಫಲಕಗಳು ಒಂದನ್ನೊಂದು ಸೆಳೆಯುತ್ತವೆ, ದೂರ ಎಳೆಯಲು ನಾವು ಕೆಲಸ ಮಾಡಲೇಬೇಕು. ಕೆಲಸ ಮಾಡಿದ ಮೇಲೂ ಶಕ್ತಿ ಕಡಿಮೆಯಾಗುವುದು ಹೇಗೆ?

ಉತ್ತರ: ಎರಡೂ ಉತ್ತರಗಳು ಸರಿ, ನಿಮ್ಮ ತಕರಾರೂ ಸರಿ. ಎರಡು ಸಂದರ್ಭಗಳಲ್ಲೂ ನಿಮ್ಮ ಕೈ ಕೆಲಸ ಮಾಡುತ್ತದೆ, ಎರಡರಲ್ಲೂ ಶಕ್ತಿಯನ್ನು ಒಳಕ್ಕೆ ಕೊಡುತ್ತದೆ. ಆದರೆ ಎರಡನೆಯ ಪ್ರಶ್ನೆಯಲ್ಲಿ ಕೆಪಾಸಿಟರ್ ಒಂಟಿಯಾಗಿಲ್ಲ. ಅದಕ್ಕೆ ಬ್ಯಾಟರಿ ಅಂಟಿಕೊಂಡಿದೆ, ಲೆಕ್ಕದಲ್ಲಿ ಬ್ಯಾಟರಿಯ ಪಾಲನ್ನು ನೀವು ಬರೆದಿಲ್ಲ. ಅಂಕಿಗಳನ್ನಿಟ್ಟು ನೋಡಿದರೆ ಒಂದೊಂದು ಜೌಲೂ ಎಲ್ಲಿಗೆ ಹೋಯಿತೆಂದು ತೋರಿಸಬಹುದು.

ಒಂದು ನಿರ್ದಿಷ್ಟ ಕೆಪಾಸಿಟರನ್ನು ತೆಗೆದುಕೊಳ್ಳೋಣ. ಫಲಕಗಳು 10 ಸೆಂಟಿಮೀಟರ್ ಬದಿಯ ಚೌಕಗಳು, ಅಂದರೆ ವಿಸ್ತೀರ್ಣ 0.01 ಚದರ ಮೀಟರ್. ನಡುವಿನ ಅಂತರ 1 ಮಿಲಿಮೀಟರ್, ಒಳಗೆ ಗಾಳಿ. ಧಾರಕತೆ C = ε₀A/d ಸೂತ್ರದಿಂದ 88.5 ಪಿಕೋಫ್ಯಾರಡ್. ಇದನ್ನು 200 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಫಲಕದ ಮೇಲೆ ಕೂಡುವ ಆವೇಶ Q = CV, ಅಂದರೆ 17.7 ನ್ಯಾನೋಕೂಲಂಬ್. ಒಳಗಿನ ವಿದ್ಯುತ್ ಕ್ಷೇತ್ರ V/d, ಪ್ರತಿ ಮೀಟರಿಗೆ 2 ಲಕ್ಷ ವೋಲ್ಟ್. ಕೇಳಲು ಭಾರೀ ಅನ್ನಿಸಿದರೂ ಗಾಳಿ ಕಿಡಿ ಹಾರಿಸಲು ಪ್ರತಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು, ಹಾಗಾಗಿ ಅಪಾಯವಿಲ್ಲ. ಸಂಗ್ರಹವಾದ ಶಕ್ತಿ ½CV², ಅಂದರೆ 1.77 ಮೈಕ್ರೋಜೌಲ್. ಈ ಕೊನೆಯ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಮೊದಲು ಬ್ಯಾಟರಿಯನ್ನು ಬಿಚ್ಚಿದ ಪ್ರಶ್ನೆ. ತಂತಿ ಕಳಚಿದ ಮೇಲೆ ಫಲಕದ ಮೇಲಿನ ಆವೇಶಕ್ಕೆ ಹೋಗಲು ದಾರಿಯಿಲ್ಲ, 17.7 ನ್ಯಾನೋಕೂಲಂಬ್ ಅಲ್ಲೇ ಉಳಿಯುತ್ತದೆ. ಅಂತರವನ್ನು 2 ಮಿಲಿಮೀಟರಿಗೆ ಏರಿಸಿದರೆ ಧಾರಕತೆ ಅರ್ಧವಾಗಿ 44.25 ಪಿಕೋಫ್ಯಾರಡ್ ಆಗುತ್ತದೆ, ವಿಭವಾಂತರ ಎರಡು ಪಟ್ಟಾಗಿ 400 ವೋಲ್ಟಿಗೆ ಏರುತ್ತದೆ. ಬಹಳ ವಿದ್ಯಾರ್ಥಿಗಳು ಇಲ್ಲೇ ಒಮ್ಮೆ ಎಡವುತ್ತಾರೆ. ವೋಲ್ಟೇಜ್ ಏರಿತು, ಆದ್ದರಿಂದ ಕ್ಷೇತ್ರವೂ ಏರಿತು ಎಂದು ಬರೆದುಬಿಡುತ್ತಾರೆ. ಕ್ಷೇತ್ರ ಏರಿಲ್ಲ. ಅದು ಫಲಕದ ಮೇಲೆ ಆವೇಶ ಎಷ್ಟು ದಟ್ಟವಾಗಿದೆ ಎಂಬುದನ್ನು ಅವಲಂಬಿಸಿದೆ, ಆ ದಟ್ಟಣೆ ಬದಲಾಗಿಲ್ಲ. 400 ವೋಲ್ಟನ್ನು 2 ಮಿಲಿಮೀಟರಿನಿಂದ ಭಾಗಿಸಿದರೂ ಅದೇ 2 ಲಕ್ಷ ಬರುತ್ತದೆ.

ಶಕ್ತಿಯನ್ನು ½QV ಎಂದು ಹಾಕಿದರೆ 3.54 ಮೈಕ್ರೋಜೌಲ್, ಮೊದಲಿನ ಎರಡರಷ್ಟು. ಹೆಚ್ಚಾದ 1.77 ಮೈಕ್ರೋಜೌಲ್ ಕೈಯಿಂದಲೇ ಬಂದಿರಬೇಕು, ಬೇರೆ ಯಾರೂ ಇಲ್ಲವಲ್ಲ. ಅದನ್ನು ಬಲದಿಂದಲೇ ಪರೀಕ್ಷಿಸೋಣ. ಒಂದು ಫಲಕ ಇನ್ನೊಂದನ್ನು ಎಷ್ಟು ಬಲದಿಂದ ಸೆಳೆಯುತ್ತದೆ? ‘ಆವೇಶ ಗುಣಿಸು ಕ್ಷೇತ್ರ’ ಎಂದು Q × E ಹಾಕಿದರೆ ತಪ್ಪುತ್ತದೆ, ಉತ್ತರ ನಿಜವಾದದ್ದರ ಎರಡರಷ್ಟು ಬರುತ್ತದೆ. ಒಳಗಿರುವ 2 ಲಕ್ಷದ ಕ್ಷೇತ್ರದಲ್ಲಿ ಅರ್ಧ ಈ ಫಲಕದ್ದು, ಇನ್ನರ್ಧ ಎದುರಿನದ್ದು. ಯಾವ ಫಲಕವೂ ತನ್ನದೇ ಕ್ಷೇತ್ರದಿಂದ ತನ್ನನ್ನು ಎಳೆದುಕೊಳ್ಳಲಾರದು, ಎದುರಿನ ಫಲಕದ ಅರ್ಧ ಮಾತ್ರ ಇದರ ಮೇಲೆ ಕೆಲಸ ಮಾಡುತ್ತದೆ. ಆದ್ದರಿಂದ ಬಲ F = ½QE, ಅಂದರೆ 1.77 ಮಿಲಿನ್ಯೂಟನ್. ಕಾಲು ಗ್ರಾಮಿನ ತೂಕಕ್ಕಿಂತಲೂ ಕಡಿಮೆ, ಬೆರಳಿಗೆ ಗೊತ್ತೂ ಆಗದು. ಕ್ಷೇತ್ರ ಬದಲಾಗದ್ದರಿಂದ ಎಳೆಯುವಾಗ ಉದ್ದಕ್ಕೂ ಇದೇ ಬಲ. ಇದನ್ನು 1 ಮಿಲಿಮೀಟರಿನಿಂದ ಗುಣಿಸಿದರೆ 1.77 ಮೈಕ್ರೋಜೌಲ್, ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಈ ಶಕ್ತಿ ಎಲ್ಲಿ ಕೂತಿದೆ ಎಂದು ಕೇಳಿದರೆ, ಹೊಸದಾಗಿ ತೆರೆದುಕೊಂಡ ಆ 1 ಮಿಲಿಮೀಟರ್ ಗಾಳಿಯಲ್ಲಿ ಎನ್ನಬಹುದು. ಕ್ಷೇತ್ರವಿರುವ ಪ್ರತಿ ಘನ ಮೀಟರಿನಲ್ಲೂ ½ε₀E² ಶಕ್ತಿ ಇರುತ್ತದೆ. ಇಲ್ಲಿ ಕ್ಷೇತ್ರ ಅಷ್ಟೇ ಉಳಿಯಿತು, ಅದು ತುಂಬಿಕೊಂಡ ಜಾಗ ಮಾತ್ರ ಎರಡು ಪಟ್ಟಾಯಿತು, ಶಕ್ತಿಯೂ ಎರಡು ಪಟ್ಟಾಯಿತು. ವೋಲ್ಟಾ ಇದೇ ಗುಣವನ್ನು ಉಪಕರಣವನ್ನಾಗಿ ಮಾಡಿಕೊಂಡಿದ್ದ. 1782ರಲ್ಲಿ ಅವನು ಪ್ರಕಟಿಸಿದ ‘ಕಂಡೆನ್ಸೇಟರ್’ನಲ್ಲಿ ಒಂದು ಲೋಹದ ತಟ್ಟೆಯನ್ನು ಇನ್ನೊಂದು ತಳದ ಮೇಲೆ ತೀರಾ ಹತ್ತಿರದಲ್ಲಿಟ್ಟು ದುರ್ಬಲ ಆವೇಶವನ್ನು ಕೊಡುತ್ತಿದ್ದ, ಬಳಿಕ ತಟ್ಟೆಯನ್ನು ಎತ್ತುತ್ತಿದ್ದ. ಆವೇಶ ಅಷ್ಟೇ, ಧಾರಕತೆ ಕುಸಿಯುತ್ತದೆ, ವೋಲ್ಟೇಜ್ ಜಿಗಿಯುತ್ತದೆ. ಅದುವರೆಗೆ ಅಲುಗದ ವಿದ್ಯುದ್ದರ್ಶಕ ಆಗ ಅಲುಗುತ್ತಿತ್ತು.

ಈಗ ನಿಮಗೆ ತೊಡಕಾದ ಎರಡನೆಯ ಪ್ರಶ್ನೆ. ಬ್ಯಾಟರಿ ಜೋಡಿಸಿಯೇ ಇದೆ, ವಿಭವಾಂತರ 200 ವೋಲ್ಟಿನಲ್ಲೇ ನಿಲ್ಲುತ್ತದೆ. ಅಂತರ ಎರಡು ಪಟ್ಟಾದಾಗ ಧಾರಕತೆ ಅರ್ಧ, ಆದ್ದರಿಂದ ಆವೇಶವೂ ಅರ್ಧ: 8.85 ನ್ಯಾನೋಕೂಲಂಬ್. ಕ್ಷೇತ್ರ 1 ಲಕ್ಷಕ್ಕೆ ಇಳಿಯುತ್ತದೆ. ಶಕ್ತಿ ½CV², ಅಂದರೆ 0.885 ಮೈಕ್ರೋಜೌಲ್. ಕೆಪಾಸಿಟರ್ 0.885 ಮೈಕ್ರೋಜೌಲನ್ನು ಕಳೆದುಕೊಂಡಿತು.

ಕೈ ಮಾಡಿದ ಕೆಲಸ ಎಷ್ಟು? ಈ ಬಾರಿ ಬಲ ಸ್ಥಿರವಲ್ಲ. ಎಳೆಯುತ್ತಾ ಹೋದಂತೆ ಆವೇಶವೂ ಕ್ಷೇತ್ರವೂ ಒಟ್ಟಿಗೇ ಇಳಿಯುವುದರಿಂದ ಬಲ ಅಂತರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಶುರುವಿನಲ್ಲಿ 1.77 ಮಿಲಿನ್ಯೂಟನ್, ಕೊನೆಯಲ್ಲಿ ಅದರ ಕಾಲು ಭಾಗ. 1 ಮಿಲಿಮೀಟರಿನಿಂದ 2 ಮಿಲಿಮೀಟರಿನವರೆಗೆ ಅನುಕಲಿಸಿದರೆ ಕೈಯ ಕೆಲಸ 0.885 ಮೈಕ್ರೋಜೌಲ್. ಕಡಿಮೆಯಾಯಿತು ನಿಜ, ಆದರೆ ಸೊನ್ನೆಯಲ್ಲ, ಋಣವಂತೂ ಅಲ್ಲ. ಕೈ ಶಕ್ತಿಯನ್ನು ಕೊಟ್ಟಿದೆ, ಕೆಪಾಸಿಟರೂ ಶಕ್ತಿಯನ್ನು ಬಿಟ್ಟುಕೊಟ್ಟಿದೆ. ಎರಡೂ ಸೇರಿ 1.77 ಮೈಕ್ರೋಜೌಲ್ ಎಲ್ಲೋ ಹೋಗಿರಬೇಕು.

ಫಲಕದಿಂದ ಹೊರಟ 8.85 ನ್ಯಾನೋಕೂಲಂಬ್ ಆವೇಶವನ್ನು ಹಿಂಬಾಲಿಸಿ. ಅದು ತಂತಿಯಲ್ಲಿ ಹಿಂದಕ್ಕೆ ಹರಿದು ಬ್ಯಾಟರಿಯ ಧನ ತುದಿಯ ಮೂಲಕ ಒಳಹೊಕ್ಕಿತು. 200 ವೋಲ್ಟಿನ ಬ್ಯಾಟರಿಯೊಳಕ್ಕೆ ಅಷ್ಟು ಆವೇಶವನ್ನು ಹಿಮ್ಮುಖವಾಗಿ ತಳ್ಳಲು ಬೇಕಾದ ಶಕ್ತಿ Q × V, ಅಂದರೆ ಸರಿಯಾಗಿ 1.77 ಮೈಕ್ರೋಜೌಲ್. ಬ್ಯಾಟರಿ ಅಷ್ಟರಮಟ್ಟಿಗೆ ಚಾರ್ಜ್ ಆಯಿತು. ಅರ್ಧ ನಿಮ್ಮ ಕೈಯಿಂದ, ಅರ್ಧ ಕೆಪಾಸಿಟರಿನಿಂದ. ಇಲ್ಲಿ ½ ಇಲ್ಲ ಎಂಬುದನ್ನು ಗಮನಿಸಿ. ಕೆಪಾಸಿಟರಿನ ಶಕ್ತಿಯಲ್ಲಿ ½ ಇರುವುದು ಅದರ ವೋಲ್ಟೇಜ್ ಆವೇಶದ ಜೊತೆಗೇ ಸೊನ್ನೆಯಿಂದ ಏರುವ ಕಾರಣಕ್ಕೆ. ಬ್ಯಾಟರಿಯ ವೋಲ್ಟೇಜ್ ಏರಿಳಿಯುವುದಿಲ್ಲ, ಆದ್ದರಿಂದ ಅದರ ಲೆಕ್ಕ ಪೂರ್ತಿ QV. ಉತ್ತರ ಪತ್ರಿಕೆಗಳಲ್ಲಿ ಬ್ಯಾಟರಿಯ ಕೆಲಸಕ್ಕೂ ½QV ಬರೆದು, ಲೆಕ್ಕ ಕೂಡದೆ, ಉಳಿದದ್ದು ಉಷ್ಣವಾಗಿ ಹೋಯಿತೆಂದು ಕೈತೊಳೆದುಕೊಳ್ಳುವವರು ಬೇಕಾದಷ್ಟಿದ್ದಾರೆ.

(ಅಂಗಡಿಯ ಮಾಮೂಲಿ ಶುಷ್ಕಕೋಶ ಹೀಗೆ ಅಚ್ಚುಕಟ್ಟಾಗಿ ಮರುಪೂರಣಗೊಳ್ಳುವುದಿಲ್ಲ. ಪ್ರಶ್ನೆಪತ್ರಿಕೆಯ ಬ್ಯಾಟರಿ ಆದರ್ಶ ಬ್ಯಾಟರಿ, ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಒಂದೇ ವೋಲ್ಟೇಜಿನಲ್ಲಿ ಮಾಡುತ್ತದೆ.)

ನಿಮ್ಮ ತಕರಾರಿನ ಬೇರು ಇಲ್ಲಿದೆ. ‘ಕೈ ಕೆಲಸ ಮಾಡಿದರೆ ಶಕ್ತಿ ಹೆಚ್ಚಬೇಕು’ ಎಂಬುದು ಇಡೀ ವ್ಯವಸ್ಥೆಗೆ ಸಲ್ಲುವ ಮಾತು. ಮೊದಲ ಪ್ರಶ್ನೆಯಲ್ಲಿ ಇಡೀ ವ್ಯವಸ್ಥೆ ಎಂದರೆ ಕೆಪಾಸಿಟರ್ ಮಾತ್ರ, ಎರಡನೆಯದರಲ್ಲಿ ಕೆಪಾಸಿಟರ್ ಮತ್ತು ಬ್ಯಾಟರಿ ಎರಡೂ. ಎರಡನ್ನೂ ಸೇರಿಸಿ ನೋಡಿದರೆ ಎರಡನೆಯದರಲ್ಲೂ ಶಕ್ತಿ ಹೆಚ್ಚೇ ಆಗಿದೆ: ಬ್ಯಾಟರಿಗೆ 1.77 ಬಂತು, ಕೆಪಾಸಿಟರಿನಿಂದ 0.885 ಹೋಯಿತು, ನಿವ್ವಳ ಏರಿಕೆ 0.885 ಮೈಕ್ರೋಜೌಲ್. ಅದೇ ಕೈಯ ಕೆಲಸ.

ಇಲ್ಲಿಯವರೆಗೆ ಒಂದು ಷರತ್ತನ್ನು ಹೇಳದೆಯೇ ಬಳಸಿಕೊಂಡೆ. ‘ನಿಧಾನವಾಗಿ ಎಳೆಯಿರಿ’ ಎಂಬುದು ಆ ಷರತ್ತು. ಕೆಲವು ಪತ್ರಿಕೆಗಳು ಇದನ್ನು ಬರೆಯುತ್ತವೆ, ಹೆಚ್ಚಿನವು ಬಿಟ್ಟುಬಿಡುತ್ತವೆ. ಬ್ಯಾಟರಿ ಜೋಡಿಸಿಯೇ ಇದ್ದು, ಫಲಕವನ್ನು ತಟ್ಟನೆ ಎಳೆದರೆ ಏನಾಗುತ್ತದೆ? ಆವೇಶ ತಂತಿಯಲ್ಲಿ ಹರಿಯಲು ಸಮಯ ಬೇಕು. ಆ ಸಮಯ ಸಿಗುವ ಮುನ್ನವೇ ಎಳೆತ ಮುಗಿದರೆ ಆ ಗಳಿಗೆಗೆ ಆವೇಶ ಅಲ್ಲೇ ಉಳಿದಿರುತ್ತದೆ, ಅಂದರೆ ನಾವು ಮೊದಲನೆಯ ಪ್ರಶ್ನೆಯಲ್ಲಿದ್ದೇವೆ! ಕೈ 1.77 ಮೈಕ್ರೋಜೌಲ್ ಕೊಟ್ಟಿದೆ, ಕೆಪಾಸಿಟರಿನಲ್ಲಿ 400 ವೋಲ್ಟ್ ಇದೆ, 3.54 ಮೈಕ್ರೋಜೌಲ್ ಶಕ್ತಿ ಇದೆ. ಆಮೇಲೆ ಹೆಚ್ಚುವರಿ ಆವೇಶ ಬ್ಯಾಟರಿಯ ಕಡೆಗೆ ಹರಿಯತೊಡಗುತ್ತದೆ. ಕೊನೆಗೆ ಕೆಪಾಸಿಟರಿನಲ್ಲಿ ಉಳಿಯುವುದು ಅದೇ 0.885, ಬ್ಯಾಟರಿಗೆ ಸೇರುವುದು ಅದೇ 1.77. ಹೊರಗೆ ಹೋದದ್ದು 2.655, ಬ್ಯಾಟರಿಗೆ ಸಿಕ್ಕಿದ್ದು 1.77 ಮಾತ್ರ. ಉಳಿದ 0.885 ಮೈಕ್ರೋಜೌಲ್ ತಂತಿಯ ರೋಧದಲ್ಲಿ ಉಷ್ಣವಾಯಿತು. ಆರಂಭವೂ ಅಂತ್ಯವೂ ಒಂದೇ, ಆದರೆ ಅವಸರದ ಕೈ ಎರಡರಷ್ಟು ಕೆಲಸ ಮಾಡಿತು, ಆ ಹೆಚ್ಚುವರಿಯೆಲ್ಲ ಬಿಸಿಯಾಗಿ ಹೋಯಿತು.

ಹಾಗಾದರೆ ಎಷ್ಟು ನಿಧಾನ ಎಂದರೆ ನಿಧಾನ? ಅದನ್ನು ತೀರ್ಮಾನಿಸುವುದು RC ಗುಣಲಬ್ಧ. ಮಂಡಲದಲ್ಲಿ 10 ಲಕ್ಷ ಓಮ್ ರೋಧ ಇದ್ದರೂ ನಮ್ಮ 88.5 ಪಿಕೋಫ್ಯಾರಡ್ ಜೊತೆ ಗುಣಿಸಿದರೆ ಸಿಗುವುದು 88.5 ಮೈಕ್ರೋಸೆಕೆಂಡ್, ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಯಾರ ಕೈಯೂ ಅಷ್ಟು ಚುರುಕಲ್ಲ, ಹಾಗಾಗಿ ಮಾಮೂಲಿ ಪ್ರಶ್ನೆಯಲ್ಲಿ ಕೈ ಎಂದಿಗೂ ನಿಧಾನವೇ. ಆದರೆ ಕಂಡೆನ್ಸರ್ ಮೈಕ್ರೊಫೋನಿನಲ್ಲಿ ಕಥೆ ತಿರುಗುತ್ತದೆ. ಅಲ್ಲಿ ಒಂದು ಫಲಕ ಎಂದರೆ ತೆಳ್ಳನೆಯ ಪೊರೆ, ಅದನ್ನು ಎಳೆಯುವ ಕೈ ಎಂದರೆ ಧ್ವನಿ. ವೋಲ್ಟೇಜ್ ಮೂಲವನ್ನು ಬೇಕೆಂದೇ ನೂರು ಕೋಟಿ ಓಮ್ ಮಟ್ಟದ ರೋಧದ ಮೂಲಕ ಜೋಡಿಸಿರುತ್ತಾರೆ. ಧಾರಕತೆ 50 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ RC ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಮಾತಿನ ಕಂಪನಗಳು ಸೆಕೆಂಡಿಗೆ ನೂರಾರು ಸಲ ಬಂದು ಹೋಗುತ್ತವೆ, ಆವೇಶಕ್ಕೆ ಹೊರಡಲು ಪುರುಸೊತ್ತೇ ಸಿಗುವುದಿಲ್ಲ. ಕಣ್ಣಿಗೆ ಮೂಲ ಜೋಡಿಸಿಯೇ ಇದೆ, ಭೌತಶಾಸ್ತ್ರಕ್ಕೆ ಅದು ಬಿಚ್ಚಿದಂತೆಯೇ. ಅಂತರ ಅಲುಗಿದಂತೆ ವೋಲ್ಟೇಜ್ ಅಲುಗುತ್ತದೆ, ಅದೇ ಧ್ವನಿಯ ಸಂಕೇತ. ಆ ರೋಧವನ್ನು ತೆಗೆದು ನೇರ ತಂತಿ ಹಾಕಿದರೆ ವೋಲ್ಟೇಜ್ ಅಲ್ಲಾಡದೆ ನಿಲ್ಲುತ್ತದೆ, ಆ ತುದಿಗಳಲ್ಲಿ ಮಾತು ಕೇಳಿಸದು.

ಇದೇ ಜಾತಿಯ ಮತ್ತೊಂದು ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಪತ್ರಿಕೆಗಳಲ್ಲೂ ಇರುತ್ತದೆ. ಫಲಕಗಳ ನಡುವೆ ಡೈಎಲೆಕ್ಟ್ರಿಕ್ ಹಲಗೆಯನ್ನು ತೂರಿಸುವುದು. ಅಂತರ ಮತ್ತೆ 1 ಮಿಲಿಮೀಟರ್ ಇರಲಿ, ಹಲಗೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ 3, ಜಾಗವನ್ನು ಅದು ಪೂರ್ತಿ ತುಂಬಲಿ. ಬ್ಯಾಟರಿ ಬಿಚ್ಚಿದ್ದರೆ ಆವೇಶ ಅಷ್ಟೇ, ವೋಲ್ಟೇಜೂ ಕ್ಷೇತ್ರವೂ ಶಕ್ತಿಯೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತವೆ. ಶಕ್ತಿ 1.77ರಿಂದ 0.59 ಮೈಕ್ರೋಜೌಲಿಗೆ ಬರುತ್ತದೆ. ಶಕ್ತಿ ಇಳಿಯುವ ದಿಕ್ಕಿಗೇ ಬಲ ಇರುವುದರಿಂದ ಕೆಪಾಸಿಟರ್ ಹಲಗೆಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಇದನ್ನು ಎಲ್ಲರೂ ಸರಿಯಾಗಿ ಬರೆಯುತ್ತಾರೆ.

ಬ್ಯಾಟರಿ ಜೋಡಿಸಿದ್ದರೆ ವೋಲ್ಟೇಜ್ ಅಷ್ಟೇ, ಆದ್ದರಿಂದ ಕ್ಷೇತ್ರವೂ ಅಷ್ಟೇ. ಆವೇಶ ಮೂರು ಪಟ್ಟು, ಶಕ್ತಿ ಮೂರು ಪಟ್ಟಾಗಿ 5.31 ಮೈಕ್ರೋಜೌಲ್. ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯೇ ಮೋಸ ಹೋಗುತ್ತಾನೆ: ಶಕ್ತಿ ಏರುತ್ತಿದೆ, ಆದ್ದರಿಂದ ಹಲಗೆಯನ್ನು ನಾವೇ ನೂಕಬೇಕು, ಕೆಪಾಸಿಟರ್ ಅದನ್ನು ಹೊರಕ್ಕೆ ತಳ್ಳುತ್ತದೆ ಎಂದು ತೀರ್ಮಾನಿಸುತ್ತಾನೆ. ನಿಮ್ಮ ತಕರಾರನ್ನೇ ತಿರುವಿ ಹಾಕಿದ ತರ್ಕ ಇದು. ಫಲಕದ ಅಂಚಿನಲ್ಲಿ ಕ್ಷೇತ್ರರೇಖೆಗಳು ಹೊರಕ್ಕೆ ಬಾಗಿ ಹಲಗೆಯ ಮುಖಕ್ಕೆ ತಾಗುತ್ತವೆ, ಅಲ್ಲಿ ಧ್ರುವೀಕರಣಗೊಂಡ ಅಣುಗಳನ್ನು ಒಳಕ್ಕೆ ಎಳೆಯುತ್ತವೆ. ತಂತಿಯ ಇನ್ನೊಂದು ತುದಿಯಲ್ಲಿ ಬ್ಯಾಟರಿ ಇದೆಯೋ ಇಲ್ಲವೋ ಎಂಬುದು ಆ ಅಣುಗಳಿಗೆ ತಿಳಿಯದು. ಹಲಗೆಯ ಇರುವೂ ಆ ಕ್ಷಣದ ಆವೇಶವೂ ಒಂದೇ ಆಗಿದ್ದರೆ ಬಲವೂ ಒಂದೇ, ಎರಡೂ ಸಂದರ್ಭಗಳಲ್ಲಿ ಒಳಮುಖ. ಲೆಕ್ಕವೂ ಅದನ್ನೇ ಹೇಳುತ್ತದೆ. ಬ್ಯಾಟರಿ ಹೊಸದಾಗಿ ಕಳಿಸಿದ ಆವೇಶ 35.4 ನ್ಯಾನೋಕೂಲಂಬ್, 200 ವೋಲ್ಟಿನಲ್ಲಿ ಅದರ ಖರ್ಚು 7.08 ಮೈಕ್ರೋಜೌಲ್. ಕೆಪಾಸಿಟರಿನ ಶಕ್ತಿ ಹೆಚ್ಚಿದ್ದು 3.54 ಮಾತ್ರ. ಮಿಕ್ಕ 3.54 ಮೈಕ್ರೋಜೌಲ್ ಹಲಗೆಯನ್ನು ಒಳಕ್ಕೆ ಎಳೆಯಲು ವ್ಯಯವಾಯಿತು. ನೀವು ಹಲಗೆಯನ್ನು ಹಿಡಿದು ಮೆಲ್ಲನೆ ಬಿಟ್ಟರೆ ಅದು ನಿಮ್ಮ ಕೈಗೆ ಸಲ್ಲುತ್ತದೆ, ಕೈಬಿಟ್ಟರೆ ಹಲಗೆ ವೇಗ ಪಡೆದು ಒಳನುಗ್ಗುತ್ತದೆ.

ಬಲದ ದಿಕ್ಕನ್ನು ಶಕ್ತಿಯ ಏರಿಳಿತದಿಂದ ಓದಬೇಕಿದ್ದರೆ ಹೀಗೆ ಮಾಡಿ. ಪ್ರಶ್ನೆಯಲ್ಲಿ ಬ್ಯಾಟರಿ ಇದ್ದರೂ ಬಲಕ್ಕಾಗಿ ಮಾತ್ರ ಅದನ್ನು ಮನಸ್ಸಿನಲ್ಲೇ ಬಿಚ್ಚಿ, ಆವೇಶವನ್ನು ಆ ಕ್ಷಣದ ಬೆಲೆಯಲ್ಲೇ ಕಟ್ಟಿಹಾಕಿ, U = Q²/2C ಎಂಬ ರೂಪವನ್ನು ಬಳಸಿ. ಧಾರಕತೆ ಏರುವ ಕಡೆಗೆ ಶಕ್ತಿ ಇಳಿಯುತ್ತದೆ, ಬಲ ಆ ಕಡೆಗೇ. ಫಲಕಗಳು ಹತ್ತಿರವಾಗಲು ಬಯಸುವುದೂ ಹಲಗೆ ಒಳಬರಲು ಬಯಸುವುದೂ ಇದೊಂದರಿಂದಲೇ ಸಿಗುತ್ತವೆ. ½CV² ರೂಪ ಸುಳ್ಳಲ್ಲ, ಆದರೆ ವೋಲ್ಟೇಜ್ ಸ್ಥಿರವಿಟ್ಟು ಅದರಿಂದ ಬಲವನ್ನು ಓದಿದರೆ ಚಿಹ್ನೆ ತಲೆಕೆಳಗಾಗುತ್ತದೆ, ಬ್ಯಾಟರಿಯ ಪಾಲು ಅದರಲ್ಲಿ ಸೇರಿಲ್ಲದ ಕಾರಣ.

ಪರೀಕ್ಷೆಯ ಮಟ್ಟಿಗೆ ಒಂದು ಮಾತು. ವಾಕ್ಯದ ಕ್ರಮವನ್ನು ನೋಡಿ ಓದಿ. ‘ಚಾರ್ಜ್ ಮಾಡಿ, ಬ್ಯಾಟರಿಯನ್ನು ತೆಗೆದು, ನಂತರ ಅಂತರವನ್ನು ಹೆಚ್ಚಿಸಲಾಯಿತು’ ಎಂದಿದ್ದರೆ Q ಸ್ಥಿರ. ‘ಬ್ಯಾಟರಿಗೆ ಜೋಡಿಸಿರುವ ಕೆಪಾಸಿಟರಿನ ಅಂತರವನ್ನು ಹೆಚ್ಚಿಸಲಾಯಿತು’ ಎಂದಿದ್ದರೆ V ಸ್ಥಿರ. ‘ಅಂತರವನ್ನು ಹೆಚ್ಚಿಸಿ, ನಂತರ ಬ್ಯಾಟರಿಯನ್ನು ತೆಗೆಯಲಾಯಿತು’ ಎಂದು ಹೆಣೆದು ಕಾಡುವವರೂ ಇದ್ದಾರೆ. ಅಲ್ಲಿ ಬದಲಾವಣೆ ಆದಾಗ ಬ್ಯಾಟರಿ ಇತ್ತು, ಆದ್ದರಿಂದ V ಸ್ಥಿರ, ಆಮೇಲೆ ತೆಗೆದದ್ದರಿಂದ ಏನೂ ಬದಲಾಗದು. ಉತ್ತರ ಬಂದ ಬಳಿಕ ಅನುಮಾನವಿದ್ದರೆ ಬ್ಯಾಟರಿಯ QV, ಕೈಯ ಕೆಲಸ, ಕೆಪಾಸಿಟರಿನ ಶಕ್ತಿಯ ವ್ಯತ್ಯಾಸ ಮೂರನ್ನೂ ಬದಿಯಲ್ಲಿ ಬರೆದು ಕೂಡಿ. ನಿಧಾನದ ಎಳೆತದಲ್ಲಿ ಲೆಕ್ಕ ಸೊನ್ನೆಗೆ ಕೂಡದಿದ್ದರೆ ಎಲ್ಲೋ ಒಂದು ½ ಹೆಚ್ಚು ಬಿದ್ದಿದೆ ಅಥವಾ ಬಿಟ್ಟುಹೋಗಿದೆ. ಹತ್ತರಷ್ಟು, ನೂರರಷ್ಟು ತಪ್ಪಿದ್ದರೆ ಮಾತ್ರ ಚದರ ಸೆಂಟಿಮೀಟರನ್ನು ಚದರ ಮೀಟರಿಗೆ ಬದಲಿಸಿದ ಸಾಲನ್ನು ಮತ್ತೊಮ್ಮೆ ನೋಡಿ. ಅಲ್ಲಿ ಭಾಗಿಸಬೇಕಾದ್ದು ನೂರರಿಂದಲ್ಲ, ಹತ್ತು ಸಾವಿರದಿಂದ.